ಗೆರೆ ಎಲ್ಲಿ ಎಳೆಯೋದು? ಶುಗರ್ ತಪಾಸಣೆಯ ಅಂಕಕ್ಕೆ ಕಟಾಫ್ ಆರಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳ್ಳಿಗಳಲ್ಲಿ ಸಕ್ಕರೆ ಕಾಯಿಲೆಯ ತಪಾಸಣಾ ಶಿಬಿರ ನಡೆಸುವ ಒಂದು ತಂಡದಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ಬೇರೆ ಊರುಗಳಲ್ಲಿ ಶಿಬಿರ ಮಾಡುವವರು ಫೋನ್ ಮಾಡಿ ಮೊದಲು ಕೇಳುವ ಪ್ರಶ್ನೆ ಒಂದೇ: "ಎಷ್ಟು ಅಂಕ ಬಂದವರನ್ನು ರಕ್ತ ಪರೀಕ್ಷೆಗೆ ಕಳಿಸಬೇಕು?" ಒಂದು ಸಂಖ್ಯೆ ಹೇಳಿ ಫೋನ್ ಇಡಬಹುದು. ಆದರೆ ಆ ಸಂಖ್ಯೆ ಎಲ್ಲಿಂದ ಬಂತು ಎಂದು ಗೊತ್ತಿಲ್ಲದೆ ಬಳಸಿದರೆ ಯಾರೋ ಒಬ್ಬರು ಪರೀಕ್ಷೆ ಇಲ್ಲದೆ ಮನೆಗೆ ಹೋಗುತ್ತಾರೆ. ಹಾಗಾಗಿ ಉತ್ತರಗಳನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಯಾವ ಅಂಕದ ಬಗ್ಗೆ ಮಾತಾಡುತ್ತಿದ್ದೀರಿ?

ಇಂಡಿಯನ್ ಡಯಾಬಿಟಿಸ್ ರಿಸ್ಕ್ ಸ್ಕೋರ್. ಚೆನ್ನೈನ ಡಾ. ವಿ. ಮೋಹನ್ ಮತ್ತು ಅವರ ತಂಡ 2005ರಲ್ಲಿ ಪ್ರಕಟಿಸಿದ್ದು. ನಾಲ್ಕೇ ವಿಷಯ, ಒಂದು ಟೇಪು ಸಾಕು. ರಕ್ತ ಬೇಕಿಲ್ಲ.

ವಯಸ್ಸು 35ರ ಒಳಗಿದ್ದರೆ 0, 35ರಿಂದ 49ರವರೆಗೆ 20, 50 ಅಥವಾ ಜಾಸ್ತಿ ಇದ್ದರೆ 30. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂ.ಮೀ. ಒಳಗೆ, ಗಂಡಸರಿಗೆ 90ರ ಒಳಗೆ ಇದ್ದರೆ 0. ಅಲ್ಲಿಂದ ಮುಂದಿನ 10 ಸೆಂ.ಮೀ.ಗೆ 10 ಅಂಕ, ಅದನ್ನೂ ದಾಟಿದರೆ 20. ಮೈ ಬಗ್ಗಿಸಿ ಎಷ್ಟು ಕೆಲಸ, ವ್ಯಾಯಾಮ ಮಾಡುತ್ತಾರೆ ಎನ್ನುವುದಕ್ಕೆ 0ಯಿಂದ 30. ಪೂರ್ತಿ ಕೂತೇ ಇರುವವರಿಗೆ 30. ಅಪ್ಪ ಅಮ್ಮರಲ್ಲಿ ಒಬ್ಬರಿಗೆ ಶುಗರ್ ಇದ್ದರೆ 10, ಇಬ್ಬರಿಗೂ ಇದ್ದರೆ 20. ಎಲ್ಲ ಕೂಡಿಸಿದರೆ ಗರಿಷ್ಠ 100.

ಆ ತಂಡ ಇಟ್ಟ ಗೆರೆ 60. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಬಂದವರಿಗೆ ಅಪಾಯ ಹೆಚ್ಚು ಎಂದು ಲೆಕ್ಕ.

ಈ ಗೆರೆ ನಿಜವಾಗಿ ಏನು ಮಾಡುತ್ತದೆ?

ಜನರನ್ನು ಎರಡು ಸಾಲಾಗಿ ಬೇರೆ ಮಾಡುತ್ತದೆ. ಗೆರೆ ಮುಟ್ಟಿದವರು ರಕ್ತ ಪರೀಕ್ಷೆಗೆ ಹೋಗುತ್ತಾರೆ. ಮುಟ್ಟದವರು "ಪಾಸ್" ಆದಂತೆ ಮನೆಗೆ ಹೋಗುತ್ತಾರೆ. ತಪ್ಪು ಎರಡೂ ಕಡೆ ಆಗುತ್ತದೆ. ಕಾಯಿಲೆ ಇದ್ದೂ ಮನೆಗೆ ಹೋದವರನ್ನು ನಾವು "ತಪ್ಪಿಹೋದವರು" ಅನ್ನುತ್ತೇವೆ. ಕಾಯಿಲೆ ಇಲ್ಲದೆಯೂ ಪರೀಕ್ಷೆಗೆ ಹೋದವರು "ಸುಮ್ನೆ ಚುಚ್ಚಿಸಿಕೊಂಡವರು". ಗೆರೆ ಮೇಲೆತ್ತಿದರೆ ಮೊದಲನೆಯವರು ಜಾಸ್ತಿ ಆಗುತ್ತಾರೆ, ಕೆಳಗಿಳಿಸಿದರೆ ಎರಡನೆಯವರು. ಇಬ್ಬರನ್ನೂ ಒಟ್ಟಿಗೆ ಕಡಿಮೆ ಮಾಡುವ ಗೆರೆ ಇಲ್ಲ. ಅದಕ್ಕೆ ಅಂಕವೇ ಇನ್ನೂ ಒಳ್ಳೆಯದಾಗಬೇಕು.

ವರ್ಷಗಟ್ಟಲೆ ಶಿಬಿರ ಮಾಡಿದವರ ಅನುಭವ ಸಾಲದೇ?

ಸಾಲದು. ಯಾಕೆ ಅಂತ ನನ್ನದೇ ತಂಡದ ಕಥೆ ಹೇಳುತ್ತೇನೆ.

ಶುರುವಿನಲ್ಲಿ ನಾವು 70ಕ್ಕೆ ಗೆರೆ ಹಾಕಿದ್ದೆವು. ಯಾವ ಲೆಕ್ಕವೂ ಇರಲಿಲ್ಲ. 60 ಇಟ್ಟ ದಿನ ಸಾಲು ತುಂಬಾ ಉದ್ದವಾಗುತ್ತಿತ್ತು, ಪರೀಕ್ಷೆ ಆದವರಲ್ಲಿ ಹೆಚ್ಚಿನವರಿಗೆ ಏನೂ ಇರುತ್ತಿರಲಿಲ್ಲ. "70 ಸರಿ ಇದೆ" ಅಂತ ಎಲ್ಲರಿಗೂ ಅನ್ನಿಸಿತು. ಒಂದು ಶಿಬಿರಕ್ಕೆ ಬೀಡಿ ಕಟ್ಟುವ ಅಕ್ಕ ಒಬ್ಬರು ಬಂದಿದ್ದರು. ವಯಸ್ಸು 46, ಅದಕ್ಕೆ 20. ಸೊಂಟ 84 ಸೆಂ.ಮೀ., ಅದಕ್ಕೆ 10. ಬೆಳಗಿನಿಂದ ಸಂಜೆವರೆಗೆ ಮಡಿಲಲ್ಲಿ ಮೊರ ಇಟ್ಟುಕೊಂಡು ಕೂತೇ ಕೆಲಸ, ಅದಕ್ಕೆ 30. ಅಪ್ಪನಿಗೆ ಶುಗರ್ ಇತ್ತಾ ಎಂದು ಕೇಳಿದರೆ "ಅಪ್ಪ ಆಸ್ಪತ್ರೆ ಮುಖ ನೋಡಿದವರೇ ಅಲ್ಲ, ಯಾರಿಗೆ ಗೊತ್ತು?" ಎಂದರು. ಅಂಕ ಬರೆಯುತ್ತಿದ್ದ ನಮ್ಮ ಹುಡುಗ 0 ಬರೆದ. ಒಟ್ಟು 60. ಮನೆಗೆ ಕಳಿಸಿದೆವು. ಏಳೆಂಟು ತಿಂಗಳ ಮೇಲೆ ಕಾಲಿನ ಗಾಯ ಒಣಗುತ್ತಿಲ್ಲ ಅಂತ ಆಸ್ಪತ್ರೆಗೆ ಹೋದಾಗ ಅವರಿಗೆ ಶುಗರ್ ಇರುವುದು ಗೊತ್ತಾಯಿತು.

ಅನುಭವದಲ್ಲಿರುವ ತೊಂದರೆ ಇದೇ. ಸುಮ್ನೆ ಚುಚ್ಚಿಸಿಕೊಂಡವರು ನಮ್ಮ ಕಣ್ಣೆದುರೇ ಸಾಲಿನಲ್ಲಿ ನಿಂತಿರುತ್ತಾರೆ, ಗೊಣಗುತ್ತಾರೆ. ತಪ್ಪಿಹೋದವರು ಆಗಲೇ ಬಸ್ಸು ಹತ್ತಿರುತ್ತಾರೆ. ಒಂದು ಕಡೆಯ ತಪ್ಪನ್ನು ಮಾತ್ರ ನೋಡುತ್ತಿದ್ದರೆ ಕೈ ತಾನಾಗಿಯೇ ಗೆರೆಯನ್ನು ಮೇಲೆತ್ತುತ್ತದೆ.

ಲೆಕ್ಕಕ್ಕೆ ಎಂಥ ಹಳೆ ದಾಖಲೆ ಬೇಕು?

ಪ್ರತಿ ವ್ಯಕ್ತಿಗೆ ಎರಡು ಕಾಲಂ: ಅಂಕ ಎಷ್ಟು, ಕಾಯಿಲೆ ನಿಜವಾಗಿ ಇತ್ತೋ ಇಲ್ಲವೋ. ಕೇಳಲು ಸುಲಭ. ಆದರೆ ಎರಡನೆಯ ಕಾಲಂ ಸರಿಯಾಗಿ ತುಂಬುವುದರಲ್ಲೇ ಅರ್ಧ ಕೆಲಸ ಇದೆ.

ಆ ಕಾಲಂ ಸರಿಯಾದ ಪರೀಕ್ಷೆಯಿಂದ ಬರಬೇಕು. ಖಾಲಿ ಹೊಟ್ಟೆಯಲ್ಲಿ 126 ಮಿ.ಗ್ರಾಂ. ಅಥವಾ ಜಾಸ್ತಿ, ಇಲ್ಲವೇ 75 ಗ್ರಾಂ ಗ್ಲೂಕೋಸ್ ಕುಡಿದು 2 ಗಂಟೆ ಆದ ಮೇಲೆ 200 ಅಥವಾ ಜಾಸ್ತಿ. ಇದು ಎಲ್ಲ ಕಡೆ ಒಪ್ಪಿದ ಮಟ್ಟ. ಮಧ್ಯಾಹ್ನ ಊಟ ಮಾಡಿ ಬಂದವರ ಬೆರಳು ಚುಚ್ಚಿ ಬಂದ ಸಂಖ್ಯೆಯನ್ನು "ಇದೆ / ಇಲ್ಲ" ಎಂದು ಬರೆದರೆ ಆ ಕಾಲಂನಲ್ಲೇ ತಪ್ಪು ತುಂಬಿಕೊಳ್ಳುತ್ತದೆ.

ಹಾಗೆಯೇ ಪರೀಕ್ಷೆ ಮಾಡುವವರಿಗೆ ಅಂಕ ಗೊತ್ತಿರಬಾರದು. "ಇವರದು 80, ಇದ್ದೇ ಇರುತ್ತೆ" ಅಂತ ಗಡಿಯಲ್ಲಿರುವ ಫಲಿತಾಂಶವನ್ನು ಒಂದು ಕಡೆ ತಳ್ಳಿದರೆ ಅಂಕ ತನ್ನನ್ನು ತಾನೇ ಹೊಗಳಿಕೊಂಡಂತೆ ಆಗುತ್ತದೆ.

ಈಗಾಗಲೇ ಶುಗರ್ ಮಾತ್ರೆ ತಗೊಳ್ಳುತ್ತಿರುವವರನ್ನು ಪಟ್ಟಿಯಿಂದ ತೆಗೆಯಬೇಕು. ನಾವು ಹುಡುಕುತ್ತಿರುವುದು ಗೊತ್ತಿಲ್ಲದೆ ಇರುವ ಕಾಯಿಲೆಯನ್ನು. ಗೊತ್ತಾದವರು ವೈದ್ಯರು ಹೇಳಿದ ಮೇಲೆ ವಾಕಿಂಗ್ ಶುರು ಮಾಡಿರುತ್ತಾರೆ, ತೂಕ ಇಳಿಸಿರುತ್ತಾರೆ. ಅವರ ಇವತ್ತಿನ ಅಂಕ ಕಾಯಿಲೆ ಪತ್ತೆಯಾಗುವ ಮುಂಚಿನ ಅಂಕ ಅಲ್ಲ.

ಒಂದು ಉದಾಹರಣೆ ತೋರಿಸಿ.

ಕೆಳಗಿನದು ಲೆಕ್ಕ ಅರ್ಥವಾಗಲಿ ಎಂದು ನಾನೇ ಕಟ್ಟಿದ ಪಟ್ಟಿ. 400 ಜನ ಬಂದಿದ್ದಾರೆ, ಅಂಕ ಎಷ್ಟೇ ಇರಲಿ ಎಲ್ಲರ ರಕ್ತವೂ ಪರೀಕ್ಷೆ ಆಗಿದೆ ಎಂದುಕೊಳ್ಳಿ. 40 ಜನರಿಗೆ ಕಾಯಿಲೆ ಇದೆ, 360 ಜನರಿಗೆ ಇಲ್ಲ.

| ಅಂಕ | ಕಾಯಿಲೆ ಇದ್ದವರು | ಇಲ್ಲದವರು |
|---|---|---|
| 20 ಅಥವಾ ಕಡಿಮೆ | 1 | 60 |
| 30 | 2 | 48 |
| 40 | 3 | 52 |
| 50 | 5 | 58 |
| 60 | 9 | 64 |
| 70 | 9 | 42 |
| 80 | 7 | 24 |
| 90 | 3 | 9 |
| 100 | 1 | 3 |

ಈಗ ಗೆರೆಯನ್ನು ಒಂದೊಂದು ಕಡೆ ಇಟ್ಟು ಎಣಿಸಿ. 60ಕ್ಕೆ ಇಟ್ಟರೆ, 60 ಮತ್ತು ಅದರ ಮೇಲಿನ ಸಾಲುಗಳಲ್ಲಿ ಕಾಯಿಲೆ ಇದ್ದವರು 9+9+7+3+1, ಅಂದರೆ 29. ಇಲ್ಲದವರು 142. ಹೀಗೆ ನಾಲ್ಕು ಜಾಗದಲ್ಲಿ ಇಟ್ಟು ನೋಡಿದರೆ:

| ಗೆರೆ | ಪರೀಕ್ಷೆಗೆ ಹೋದವರು | ಸಿಕ್ಕವರು | ತಪ್ಪಿಹೋದವರು | ಸುಮ್ನೆ ಚುಚ್ಚಿಸಿಕೊಂಡವರು |
|---|---|---|---|---|
| 40 | 289 | 37 | 3 | 252 |
| 50 | 234 | 34 | 6 | 200 |
| 60 | 171 | 29 | 11 | 142 |
| 70 | 98 | 20 | 20 | 78 |

ನಮ್ಮ ಹಳೆಯ 70ರ ಗೆರೆ ಏನು ಮಾಡುತ್ತಿತ್ತು ನೋಡಿ. ಈ ಪಟ್ಟಿಯಲ್ಲಿ ಅದು ಕಾಯಿಲೆ ಇದ್ದವರಲ್ಲಿ ಸರಿಯಾಗಿ ಅರ್ಧ ಜನರನ್ನು ಮನೆಗೆ ಕಳಿಸುತ್ತದೆ.

ಸ್ಪ್ರೆಡ್‌ಶೀಟ್‌ನಲ್ಲಿ B ಕಾಲಂನಲ್ಲಿ ಅಂಕ, C ಕಾಲಂನಲ್ಲಿ ಕಾಯಿಲೆಗೆ 1 ಅಥವಾ 0 ಇಟ್ಟುಕೊಂಡರೆ ಎರಡು ಸಾಲು ಸಾಕು. ಮೊದಲನೆಯದು ಸಿಕ್ಕವರನ್ನು, ಎರಡನೆಯದು ತಪ್ಪಿಹೋದವರನ್ನು ಎಣಿಸುತ್ತದೆ:

```
=COUNTIFS(B:B,">=60",C:C,1)
=COUNTIFS(B:B,"<60",C:C,1)
```

ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಅಂದರೆ ಇದೇನಾ?

ಹೌದು. ಕಾಯಿಲೆ ಇದ್ದವರಲ್ಲಿ ಗೆರೆ ಎಷ್ಟು ಜನರನ್ನು ಹಿಡಿಯಿತು ಎನ್ನುವುದು ಸೆನ್ಸಿಟಿವಿಟಿ: 60ರಲ್ಲಿ 40ಕ್ಕೆ 29, ಅಂದರೆ 72.5%. ಇಲ್ಲದವರಲ್ಲಿ ಎಷ್ಟು ಜನರನ್ನು ಸರಿಯಾಗಿ ಬಿಟ್ಟಿತು ಎನ್ನುವುದು ಸ್ಪೆಸಿಫಿಸಿಟಿ: 360ಕ್ಕೆ 218, ಅಂದರೆ 60.6%. ಚೆನ್ನೈ ತಂಡ 60ರ ಗೆರೆಗೆ ಪ್ರಕಟಿಸಿದ ಸಂಖ್ಯೆಗಳು 72.5% ಮತ್ತು 60.1%. ನನ್ನ ಪಟ್ಟಿಯನ್ನು ಅದರ ಹತ್ತಿರ ಬರುವ ಹಾಗೆಯೇ ಕಟ್ಟಿದ್ದೇನೆ.

ಶೇಕಡಾವಾರು ಹೇಳುವಾಗ ಪಕ್ಕದಲ್ಲಿ ತಲೆ ಎಣಿಕೆಯನ್ನೂ ಬರೆಯಿರಿ. ಸಭೆಯಲ್ಲಿ "72.5%" ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ. "40 ಜನರಲ್ಲಿ 11 ಜನ ಮನೆಗೆ ಹೋದರು" ಅಂದರೆ ಪ್ರಶ್ನೆ ಕೇಳುತ್ತಾರೆ.

ಹಾಗಾದರೆ ಈ ಪಟ್ಟಿಯಲ್ಲಿ ಯಾವ ಗೆರೆ ಸರಿ?

ಪುಸ್ತಕದ ರೂಢಿಯ ಉತ್ತರ ಯೂಡೆನ್ ಸೂಚ್ಯಂಕ. ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಎರಡನ್ನೂ ಕೂಡಿಸಿ 1 ಕಳೆಯಿರಿ, ಯಾವ ಗೆರೆಯಲ್ಲಿ ಅದು ಅತಿ ಹೆಚ್ಚೋ ಅದನ್ನು ಆರಿಸಿ. ನಮ್ಮ ಪಟ್ಟಿಯಲ್ಲಿ 50ಕ್ಕೆ 0.29, 60ಕ್ಕೆ 0.33, 70ಕ್ಕೆ 0.28 ಬರುತ್ತದೆ. 60 ಗೆಲ್ಲುತ್ತದೆ.

ಆದರೆ ಇಲ್ಲೊಂದು ಮಾತು ಅಡಗಿದೆ. ಯೂಡೆನ್ ಎರಡು ಶೇಕಡಾವಾರುಗಳನ್ನು ಸಮ ಮಾಡಿ ನೋಡುತ್ತದೆ. ಕಾಯಿಲೆ ಇದ್ದವರು 40, ಇಲ್ಲದವರು 360. ಹಾಗಾಗಿ ಅದು ಗೊತ್ತಿಲ್ಲದಂತೆಯೇ "ಒಬ್ಬರು ತಪ್ಪಿಹೋಗುವುದು 9 ಜನ ಸುಮ್ನೆ ಚುಚ್ಚಿಸಿಕೊಳ್ಳುವುದಕ್ಕೆ ಸಮ" ಎಂದು ತೀರ್ಮಾನ ಮಾಡಿಬಿಟ್ಟಿದೆ. ಈ 9 ನೀವು ಹೇಳಿದ್ದಲ್ಲ, ನಿಮ್ಮ ಊರಿನಲ್ಲಿ ಕಾಯಿಲೆ ಎಷ್ಟಿದೆ ಎನ್ನುವುದರಿಂದ ತಾನಾಗಿ ಬಂದದ್ದು. ಅದನ್ನು ಒಪ್ಪಲೇಬೇಕು ಅಂತೇನೂ ಇಲ್ಲ.

ನನಗೆ ಇಷ್ಟವಾದ ದಾರಿ ಬೇರೆ. ಗೆರೆಯನ್ನು ಒಂದು ಮೆಟ್ಟಿಲು ಇಳಿಸಿದರೆ ಏನು ಕೊಟ್ಟು ಏನು ಪಡೆಯುತ್ತೇವೆ ಎಂದು ನೋಡುವುದು. 70ರಿಂದ 60ಕ್ಕೆ ಇಳಿದರೆ ಇನ್ನೂ 9 ಜನ ಸಿಗುತ್ತಾರೆ, 64 ಜನ ಸುಮ್ನೆ ಚುಚ್ಚಿಸಿಕೊಳ್ಳುತ್ತಾರೆ. ಅಂದರೆ ಸಿಕ್ಕ ಒಬ್ಬರಿಗೆ ಸುಮಾರು 7 ವ್ಯರ್ಥ ಪರೀಕ್ಷೆ. 60ರಿಂದ 50ಕ್ಕೆ ಇಳಿದರೆ 5 ಜನರಿಗೆ 58, ಅಂದರೆ ಒಬ್ಬರಿಗೆ ಸುಮಾರು 12. 50ರಿಂದ 40ಕ್ಕೆ ಇಳಿದರೆ 3 ಜನರಿಗೆ 52, ಒಬ್ಬರಿಗೆ 17ಕ್ಕಿಂತ ಜಾಸ್ತಿ. ಈಗ ಪ್ರಶ್ನೆ ಎಲ್ಲರಿಗೂ ಅರ್ಥವಾಗುವಂಥದ್ದು: ಒಬ್ಬರನ್ನು ಹುಡುಕಲು ಎಷ್ಟು ವ್ಯರ್ಥ ಪರೀಕ್ಷೆ ಮಾಡಲು ನಾವು ತಯಾರಿದ್ದೇವೆ? 10 ಎಂದರೆ ಗೆರೆ 60. 15 ಎಂದರೆ 50.

ಆ 10 ಅಥವಾ 15ನ್ನು ಯಾರು ಹೇಳಬೇಕು? ಅದೂ ಅಂದಾಜೇ ಅಲ್ವಾ?

ಅದು ಅಂದಾಜಲ್ಲ, ಆಯ್ಕೆ. ದಾಖಲೆ ಎಷ್ಟೇ ಇದ್ದರೂ ಅದನ್ನು ಹೇಳುವುದಿಲ್ಲ. ವೈದ್ಯರು, ದುಡ್ಡು ಕೊಡುವವರು, ಶಿಬಿರದ ಊರಿನವರು ಕೂತು ಹೇಳಬೇಕು. ವ್ಯರ್ಥ ಪರೀಕ್ಷೆಗೆ ಸ್ಟ್ರಿಪ್ಪಿನ ಬೆಲೆ ಮಾತ್ರ ಅಲ್ಲ, ಕೂಲಿಯವರ ಅರ್ಧ ದಿನದ ಸಂಬಳವೂ ಸೇರುತ್ತದೆ. ತಪ್ಪಿಹೋದವರ ಕಡೆ ಕಾಲಿನ ಗಾಯ, ಕಣ್ಣು, ಕಿಡ್ನಿ ಸೇರುತ್ತವೆ. ಮುಂದಿನ ವರ್ಷ ಮತ್ತೆ ಶಿಬಿರ ಇದೆಯಾ ಎನ್ನುವುದೂ ಮುಖ್ಯ. ಇದ್ದರೆ ತಪ್ಪಿಹೋದವರಿಗೆ ಇನ್ನೊಂದು ಅವಕಾಶ ಇದೆ. ಇಲ್ಲದಿದ್ದರೆ ಗೆರೆ ಕೆಳಗೇ ಇರಲಿ.

ಒಂದೇ ಕಿವಿಮಾತು: ಈ ಸಂಖ್ಯೆಯನ್ನು ಪಟ್ಟಿ ನೋಡುವ ಮುಂಚೆ ಬರೆದಿಡಿ. ಪಟ್ಟಿ ನೋಡಿದ ಮೇಲೆ ಮಾತಾಡಿದರೆ, ಮೊದಲೇ ಮನಸ್ಸಿನಲ್ಲಿದ್ದ ಗೆರೆಗೆ ಹೊಂದುವ ಸಂಖ್ಯೆಯೇ ಬಾಯಿಗೆ ಬರುತ್ತದೆ.

ನಮ್ಮ ಹತ್ತಿರ 100 ಜನರಿಗೆ ಆಗುವಷ್ಟು ಸ್ಟ್ರಿಪ್ ಮಾತ್ರ ಇದೆ.

ಆಗ ಗೆರೆ 70, 98 ಜನ. ಅದರಲ್ಲಿ ತಪ್ಪಿಲ್ಲ. ಆದರೆ ದಾಖಲೆಯಲ್ಲಿ "ಸ್ಟ್ರಿಪ್ ಕಡಿಮೆ ಇದ್ದುದರಿಂದ 70" ಎಂದೇ ಬರೆಯಿರಿ, ಕಾಯಿಲೆ ಇರುವ ಅರ್ಧ ಜನ ತಪ್ಪಿಹೋಗಬಹುದು ಎಂದೂ ಬರೆಯಿರಿ. ಇಲ್ಲದಿದ್ದರೆ ಮುಂದಿನ ವರ್ಷ ಸ್ಟ್ರಿಪ್ ಬಂದರೂ 70 ಅಲ್ಲೇ ಉಳಿಯುತ್ತದೆ.

ನಾವು 50 ಅಥವಾ ಜಾಸ್ತಿ ಅಂಕ ಬಂದವರನ್ನು ಮಾತ್ರ ಪರೀಕ್ಷೆ ಮಾಡಿದ್ದೇವೆ. ಆ ದಾಖಲೆಯಿಂದ ಲೆಕ್ಕ ಹಾಕಬಹುದಾ?

ಹಾಗೇ ಹಾಕಿದರೆ ಲೆಕ್ಕ ಸುಳ್ಳು ಹೇಳುತ್ತದೆ. ನನಗೆ ಬರುವ ದಾಖಲೆಗಳಲ್ಲಿ ಹೆಚ್ಚಿನವು ಇಂಥವೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೇಲಿನ ಪಟ್ಟಿಯಲ್ಲಿ 50ರ ಕೆಳಗೆ 166 ಜನ ಇದ್ದಾರೆ. ಅವರಲ್ಲಿ 6 ಜನರಿಗೆ ಕಾಯಿಲೆ ಇದೆ. ಅವರನ್ನು ಪರೀಕ್ಷೆಯೇ ಮಾಡದಿದ್ದರೆ ಆ 6 ಜನ ನಿಮ್ಮ ದಾಖಲೆಯಲ್ಲಿ ಇಲ್ಲವೇ ಇಲ್ಲ. ನಿಮ್ಮ ಕಣ್ಣಿಗೆ ಕಾಯಿಲೆ ಇದ್ದವರು ಒಟ್ಟು 34 ಜನ. 50ರ ಗೆರೆ 34ಕ್ಕೆ 34 ಹಿಡಿಯಿತು, 100%! 60ರ ಗೆರೆ 34ಕ್ಕೆ 29, ಅಂದರೆ 85%. ನಿಜ ಇದ್ದದ್ದು 72.5%. ಹಳೆಯ ಗೆರೆ ತನ್ನ ತಪ್ಪನ್ನು ತಾನೇ ಮುಚ್ಚಿಟ್ಟುಕೊಂಡಿದೆ. ಇದರ ಮೇಲೆ ಹೊಸ ಗೆರೆ ಆರಿಸಿದರೆ ಅದು ಹಳೆಯದಕ್ಕಿಂತ ಮೇಲೆಯೇ ಹೋಗುತ್ತದೆ, ಕೆಳಗೆ ಬರಲು ಅದಕ್ಕೆ ಕಾರಣವೇ ಸಿಗುವುದಿಲ್ಲ.

ದಾಖಲೆಯಲ್ಲಿ ಈ ತೊಂದರೆ ಇದೆಯಾ ಎಂದು ತಿಳಿಯುವುದು ಸುಲಭ. ಗೆರೆಯ ಕೆಳಗಿನ ಸಾಲುಗಳಲ್ಲಿ ಎಷ್ಟು ಜನರ ರಕ್ತದ ಫಲಿತಾಂಶ ಇದೆ ನೋಡಿ. ಕಾಲಂ ಖಾಲಿ ಇದ್ದರೆ, ಅಥವಾ ಖಾಲಿ ಇದ್ದ ಕಡೆಯೆಲ್ಲ ಯಾರೋ "ಇಲ್ಲ" ಅಂತ ತುಂಬಿದ್ದರೆ, ಅಲ್ಲೇ ನಿಲ್ಲಿಸಿ. "ಪರೀಕ್ಷೆ ಆಗಿಲ್ಲ" ಬೇರೆ, "ಕಾಯಿಲೆ ಇಲ್ಲ" ಬೇರೆ.

ಸರಿಪಡಿಸುವ ದಾರಿ ಇದೆ, ಎಲ್ಲರನ್ನೂ ಪರೀಕ್ಷಿಸಬೇಕಿಲ್ಲ. ಮುಂದಿನ ಶಿಬಿರದಲ್ಲಿ ಗೆರೆಯ ಕೆಳಗಿನವರಲ್ಲಿ ಐವರಿಗೊಬ್ಬರನ್ನು ಪರೀಕ್ಷೆಗೆ ಕಳಿಸಿ. ಬಂದ ಕ್ರಮದಲ್ಲಿ ಪ್ರತಿ ಐದನೆಯ ಚೀಟಿ ಅಂತ ಮೊದಲೇ ಗುರುತು ಹಾಕಿಡಿ. "ಇವರು ಸ್ವಲ್ಪ ಸುಸ್ತಾಗಿ ಕಾಣ್ತಾರೆ, ಇವರನ್ನೇ ಕಳಿಸೋಣ" ಎಂದು ಆರಿಸಿದರೆ ಮತ್ತೆ ಕೆಡುತ್ತದೆ. ಸುಸ್ತಾದವರನ್ನು ಬೇಕಾದರೆ ಬೇರೆಯಾಗಿ ಕಳಿಸಿ, ಈ ಲೆಕ್ಕದಲ್ಲಿ ಅವರನ್ನು ಸೇರಿಸಬೇಡಿ. 166 ಜನರಲ್ಲಿ 33 ಜನರ ಪರೀಕ್ಷೆ ಆಗುತ್ತದೆ. ಅದರಲ್ಲಿ ಒಬ್ಬರಿಗೆ ಕಾಯಿಲೆ ಸಿಕ್ಕರೆ ಅವರನ್ನು 5 ಜನ ಎಂದು ಎಣಿಸಿ. ಒಂದು ಶಿಬಿರದ ಎಣಿಕೆ ಒರಟಾಗಿರುತ್ತದೆ, ಕೆಲವು ಶಿಬಿರ ಸೇರಿದರೆ ನೆಲೆಗೆ ಬರುತ್ತದೆ.

ಎಷ್ಟು ಜನರ ದಾಖಲೆ ಬೇಕು?

ಒಟ್ಟು ಜನರನ್ನು ಎಣಿಸಬೇಡಿ, ಕಾಯಿಲೆ ಇದ್ದವರನ್ನು ಎಣಿಸಿ. 400 ಜನ ಅಂದರೆ ದೊಡ್ಡದಾಗಿ ಕೇಳಿಸುತ್ತದೆ. ಆದರೆ ಸೆನ್ಸಿಟಿವಿಟಿ ನಿಂತಿರುವುದು 40 ಜನರ ಮೇಲೆ. 40ಕ್ಕೆ 29 ಎಂದರೆ 72.5% ನಿಜ, ಆದರೆ 95% ವಿಶ್ವಾಸದ ಲೆಕ್ಕದಲ್ಲಿ ಅದು 57%ರಿಂದ 84%ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಕಾಯಿಲೆ ಇದ್ದವರು 200 ಜನ ಇದ್ದು ಅದೇ 72.5% ಬಂದರೆ ಅಂತರ 66%ರಿಂದ 78%ಕ್ಕೆ ಕುಗ್ಗುತ್ತದೆ. 40 ಜನರ ಬಲದ ಮೇಲೆ 50 ಮತ್ತು 60ರ ನಡುವೆ ಖಂಡಿತ ಇದೇ ಎಂದು ಹೇಳಲು ಆಗುವುದಿಲ್ಲ. 70 ಬೇಡ ಎಂದು ಹೇಳಬಹುದು. ನನ್ನ ಮಟ್ಟಿಗೆ ಅಷ್ಟು ತಿಳಿದರೂ ದೊಡ್ಡ ವಿಷಯ.

ಗೆರೆ ಆರಿಸಿದ ದಾಖಲೆಯಲ್ಲೇ ಅದರ ಫಲಿತಾಂಶ ಹೇಳಬಹುದಾ?

ಹೇಳಬಾರದು. ಹತ್ತು ಗೆರೆ ಇಟ್ಟು ನೋಡಿ ಅತ್ಯುತ್ತಮವಾದದ್ದನ್ನು ಆರಿಸಿದ್ದೀರಿ. ಆ ಗೆಲುವಿನಲ್ಲಿ ಸ್ವಲ್ಪ ಅದೃಷ್ಟವೂ ಸೇರಿದೆ. ಹೊಸ ಜನರ ಮೇಲೆ ಆ ಅದೃಷ್ಟ ಬರುವುದಿಲ್ಲ. ಹೋದ ವರ್ಷದ ಶಿಬಿರಗಳಿಂದ ಗೆರೆ ಆರಿಸಿ, ಈ ವರ್ಷದ ಶಿಬಿರಗಳ ಮೇಲೆ ಅದನ್ನು ಅಳೆಯಿರಿ. ಎರಡನೆಯ ಸಂಖ್ಯೆಯನ್ನೇ ಹೊರಗೆ ಹೇಳಿ.

ಪ್ರಕಟವಾದ 60 ಇದ್ದೇ ಇದೆಯಲ್ಲ, ಅದನ್ನೇ ಬಳಸಿದರೆ?

ಸ್ವಂತ ದಾಖಲೆ ಇಲ್ಲದವರು ಅಲ್ಲಿಂದಲೇ ಶುರು ಮಾಡಬೇಕು. ಅದು ನಿಜವಾದ ರಕ್ತ ಪರೀಕ್ಷೆಗಳ ಮೇಲೆ ನಿಂತ ಸಂಖ್ಯೆ, ನಮ್ಮ 70ರ ಹಾಗೆ ಗಾಳಿಯಲ್ಲಿ ಬಂದದ್ದಲ್ಲ. ಆದರೆ ಅದು ಬಂದದ್ದು ಚೆನ್ನೈ ನಗರದ ವಯಸ್ಕರಿಂದ. ನಿಮ್ಮ ಮುಂದೆ ನಿಂತವರು ಬೇರೆ ಥರ ಇದ್ದರೆ ಎರಡು ವಿಷಯ ಬದಲಾಗುತ್ತದೆ.

ಮೊದಲನೆಯದು, ಕಾಯಿಲೆ ಕಡಿಮೆ ಇರುವ ಕಡೆ ವ್ಯರ್ಥ ಪರೀಕ್ಷೆ ಏರುತ್ತದೆ. ಹತ್ತರಲ್ಲಿ ಒಬ್ಬರಿಗೆ ಕಾಯಿಲೆ ಇರುವ ನಮ್ಮ ಪಟ್ಟಿಯಲ್ಲಿ, 60ರ ಗೆರೆ ಮುಟ್ಟಿದ 171 ಜನರಲ್ಲಿ 29 ಜನರಿಗೆ ಕಾಯಿಲೆ ಇತ್ತು, ಅಂದರೆ 17%. ಇಪ್ಪತ್ತರಲ್ಲಿ ಒಬ್ಬರಿಗೆ ಇರುವ ಊರಿನಲ್ಲಿ, ಅದೇ ಗೆರೆ ಅಷ್ಟೇ ಚೆನ್ನಾಗಿ ಕೆಲಸ ಮಾಡಿದರೂ, ಇದು 9%ರ ಹತ್ತಿರ ಇಳಿಯುತ್ತದೆ.

ಎರಡನೆಯದು, ಅಂಕವೇ ಬೇರೆ ಕಡೆ ಕೂರುತ್ತದೆ. ಬೆಂಗಳೂರಿನ ಐಟಿ ಆಫೀಸೊಂದರಲ್ಲಿ ಶಿಬಿರ ಇಟ್ಟಿರಿ ಎಂದುಕೊಳ್ಳಿ, ಬಂದವರೆಲ್ಲ 35ರ ಒಳಗಿನವರು. ವಯಸ್ಸಿಗೆ 0 ಆದ್ದರಿಂದ ಅವರ ಗರಿಷ್ಠ ಅಂಕವೇ 70. 60 ಮುಟ್ಟಬೇಕಾದರೆ ಉಳಿದ ಮೂರು ವಿಷಯಗಳಲ್ಲಿ ಎಲ್ಲ ಸೇರಿ 10 ಅಂಕಕ್ಕಿಂತ ಜಾಸ್ತಿ ತಪ್ಪಬಾರದು: ಉದಾಹರಣೆಗೆ ಸೊಂಟಕ್ಕೆ ಪೂರ್ತಿ 20, ಕೂತಿರುವುದಕ್ಕೆ ಪೂರ್ತಿ 30, ಮೇಲೆ ಅಪ್ಪ ಅಮ್ಮರಲ್ಲಿ ಒಬ್ಬರಿಗಾದರೂ ಶುಗರ್ ಇರಬೇಕು. ಅಲ್ಲಿ 60ರ ಗೆರೆ ಬಹುತೇಕ ಎಲ್ಲರನ್ನೂ ಮನೆಗೆ ಕಳಿಸುತ್ತದೆ. ಆ ಗುಂಪಿಗೆ ಅದರದೇ ದಾಖಲೆಯಿಂದ ಬೇರೆ ಗೆರೆ ಬೇಕು.

ಆಶಾ ಕಾರ್ಯಕರ್ತೆಯರ ಫಾರಂನಲ್ಲಿ ಗೆರೆ 4 ಅಂತಿದೆಯಲ್ಲ?

ಅದು ಸಿಬಿಎಸಿ ಫಾರಂ, ಬೇರೆಯದೇ ಅಂಕ. ತಂಬಾಕು, ಮದ್ಯವೂ ಅದರಲ್ಲಿ ಸೇರಿದೆ. 4ಕ್ಕಿಂತ ಜಾಸ್ತಿ ಬಂದವರನ್ನು ತಪಾಸಣೆಗೆ ಮೊದಲು ಕರೆತರಬೇಕು ಎಂದು ಅದರ ಅರ್ಥ. ಒಂದು ಅಂಕದ ಗೆರೆಯನ್ನು ಇನ್ನೊಂದಕ್ಕೆ ತಂದು ಹಾಕಬೇಡಿ.

ಇತ್ತೀಚೆಗೆ ನಮ್ಮ ಶಿಬಿರದಲ್ಲಿ 60 ಬಂದವರು ತುಂಬಾ ಜಾಸ್ತಿ, 50 ಬಂದವರು ಇಲ್ಲವೇ ಇಲ್ಲ. ಯಾಕೆ?

ಅಂಕ ಬರೆಯುವವರಿಗೆ ಗೆರೆ ಗೊತ್ತಾಗಿದೆ. ಅವರು ಕೆಟ್ಟದ್ದು ಮಾಡುತ್ತಿಲ್ಲ, ಹೆಚ್ಚಿನ ಸಲ ಕರುಣೆಯಿಂದಲೇ ಮಾಡುತ್ತಾರೆ. ಸೀರೆಯ ನೆರಿಗೆಯ ಮೇಲೆ ಟೇಪು ಹಿಡಿದರೆ 88 ಇದ್ದದ್ದು 90 ಆಗುತ್ತದೆ, 10 ಅಂಕ ಏರುತ್ತದೆ. "ಮನೇಲೇ ಇರ್ತೀನಿ" ಎಂದ ಹೆಂಗಸಿಗೆ ಪೂರ್ತಿ 30 ಬರೆಯಬಹುದು. ಆದರೆ ಅವರು ದಿನಾ ಹತ್ತು ಕೊಡ ನೀರು ಹೊರುತ್ತಿರಬಹುದು. ಸಾಲು ಉದ್ದ ಇದ್ದ ದಿನ ಇದೇ ತಿರುಗಿ 60 ಇದ್ದದ್ದು 50 ಆಗುತ್ತದೆ.

ಗೆರೆ ಹೇಳುವ ಮುಂಚಿನ ಶಿಬಿರಗಳ ಅಂಕಗಳನ್ನೂ ಆಮೇಲಿನವನ್ನೂ ಪಕ್ಕಪಕ್ಕ ಇಟ್ಟು ಎಣಿಸಿ. 50ರಲ್ಲಿ ಗುಂಡಿ, 60ರಲ್ಲಿ ಗುಡ್ಡ ಕಂಡರೆ ಹಳೆಯ ದಾಖಲೆಯ ಲೆಕ್ಕ ಈ ಅಂಕಗಳಿಗೆ ಹೊಂದುವುದಿಲ್ಲ. ನಾವು ಈಗ ಟೇಪಿನವರು ಸೆಂಟಿಮೀಟರ್ ಮಾತ್ರ ಬರೆಯುವ ಹಾಗೆ ಮಾಡಿದ್ದೇವೆ. ಅಂಕ ಕೂಡಿಸುವವರು ಇನ್ನೊಂದು ಮೇಜಿನಲ್ಲಿ ಕೂರುತ್ತಾರೆ.

"ಅಪ್ಪನಿಗೆ ಇತ್ತೋ ಗೊತ್ತಿಲ್ಲ" ಅಂದರೆ 0 ಬರೆಯೋದಾ?

ಬೇಡ. "ಗೊತ್ತಿಲ್ಲ" ಎಂದೇ ಬರೆಯಿರಿ. ನಮ್ಮ ತಂಡದಲ್ಲಿ ಈಗಿನ ನಿಯಮ ಇದು: ಗೊತ್ತಿಲ್ಲದ ಉತ್ತರಕ್ಕೆ ಅತಿ ಹೆಚ್ಚು ಅಂಕ ಹಾಕಿ ನೋಡಿದಾಗ ಗೆರೆ ಮುಟ್ಟುವುದಾದರೆ ಪರೀಕ್ಷೆಗೆ ಕಳಿಸು. ಆ ಬೀಡಿಯ ಅಕ್ಕನಿಗೆ ಈ ನಿಯಮದಲ್ಲಿ ಕನಿಷ್ಠ 70 ಬರುತ್ತಿತ್ತು. ನಮ್ಮ ಹಳೆಯ ಗೆರೆಯನ್ನೂ ಅವರು ಮುಟ್ಟುತ್ತಿದ್ದರು.

ಹೆಂಗಸರಿಗೆ, ಗಂಡಸರಿಗೆ ಬೇರೆ ಬೇರೆ ಗೆರೆ ಬೇಕಾ?

ಸೊಂಟದ ಅಳತೆಯಲ್ಲಿ ಆ ವ್ಯತ್ಯಾಸ ಆಗಲೇ ಸೇರಿದೆ. ಆದರೂ ತಪ್ಪಿಹೋದವರನ್ನು ಬೇರೆ ಬೇರೆಯಾಗಿ ಎಣಿಸಿ ನೋಡಿ. ಒಂದು ಕಡೆ ಎದ್ದು ಕಾಣುವಷ್ಟು ಜಾಸ್ತಿ ಇದ್ದರೆ, ಮೊದಲು ಪ್ರಶ್ನೆ ಕೇಳುವ ರೀತಿಯನ್ನು ಪರೀಕ್ಷಿಸಿ, ಗೆರೆಯನ್ನು ಆಮೇಲೆ ಮುಟ್ಟಿ.

ನನ್ನ ಅಂಕ 50 ಬಂತು. ಶುಗರ್ ಇಲ್ಲ ಎಂದು ಅರ್ಥವಾ?

ಇಲ್ಲ. ಮೇಲಿನ ಪಟ್ಟಿಯಲ್ಲಿ 60ರ ಕೆಳಗೆ 229 ಜನ ಇದ್ದಾರೆ, ಅವರಲ್ಲಿ 11 ಜನರಿಗೆ ಕಾಯಿಲೆ ಇದೆ. ಸುಮಾರು 21 ಜನರಲ್ಲಿ ಒಬ್ಬರಿಗೆ. ಪದೇ ಪದೇ ಬಾಯಾರಿಕೆ, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು, ಒಣಗದ ಗಾಯ, ಕಾರಣ ಇಲ್ಲದೆ ತೂಕ ಇಳಿಯುವುದು ಇದ್ದರೆ ಅಂಕ ನೋಡುತ್ತಾ ಕೂರಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ.

ಗೆರೆ ಗೊತ್ತಾದ ಮೇಲೆ ರಿಜಿಸ್ಟರ್‌ನಲ್ಲಿ ಏನೇನು ಬರೆಯಬೇಕು?

ಮುಂದೆ ಬರುವವರಿಗೆ ಅದನ್ನು ಬದಲಾಯಿಸಲು ಬೇಕಾದಷ್ಟು. ಮೇಲಿನ ಉದಾಹರಣೆಗೆ ನಾನಾದರೆ ಹೀಗೆ ಬರೆಯುತ್ತೇನೆ:

"ಗೆರೆ 60, 60 ಸೇರಿ. 400 ಜನ, ಎಲ್ಲರ ಪರೀಕ್ಷೆ ಆಗಿದೆ, ಮೊದಲೇ ಶುಗರ್ ಗೊತ್ತಿದ್ದವರನ್ನು ಸೇರಿಸಿಲ್ಲ. ಕಾಯಿಲೆ ಇದ್ದ 40 ಜನರಲ್ಲಿ 29 ಸಿಕ್ಕರು, 11 ತಪ್ಪಿದರು. 142 ವ್ಯರ್ಥ ಪರೀಕ್ಷೆ. ಒಬ್ಬರಿಗೆ 10 ವ್ಯರ್ಥ ಪರೀಕ್ಷೆವರೆಗೆ ಸರಿ ಎಂದು ಸಭೆ ಮೊದಲೇ ಒಪ್ಪಿತ್ತು. ಗೆರೆಯ ಕೆಳಗೆ ಐವರಿಗೊಬ್ಬರ ಪರೀಕ್ಷೆ ಮುಂದುವರಿಯಲಿ. 100 ಹೊಸ ಕಾಯಿಲೆಯವರು ಸೇರಿದ ಮೇಲೆ ಮತ್ತೆ ಲೆಕ್ಕ ಹಾಕಿ."